ಗ್ಯಾಲರಿಯಲ್ಲಿ ಇಲ್ಲದ ಆಂಜನೇಯ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ನಾನು ಪಾಠ ಮಾಡುವ ಶಾಲೆಯಲ್ಲೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಶ್ರಾವಣದಲ್ಲಿ ನಾನು ಅಪ್ಪನ ಮೇಲೆ ಕೂಗಾಡಿದಷ್ಟು ಇನ್ಯಾವಾಗಲೂ ಕೂಗಾಡಿರಲಿಲ್ಲ. ಜಗಳವಾದರೂ ಏನು? ಫೋಟೋಗಳು ಫೋನಿನಲ್ಲಿ ಇವೆ ಎಂದು ನಾನು, ಇಲ್ಲ ಎಂದು ಅವನು. ಅದೊಂದೇ ಮಾತು, ಮೂರು ವಾರ.

ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದೇ ಕರೆಯುವುದು, ಏಕವಚನದಲ್ಲೇ ಮಾತಾಡಿಸುವುದು. ಅಣ್ಣ ಕೆ.ಆರ್. ಪೇಟೆಯ ಕಡೆ, ಗೋವಿಂದನಹಳ್ಳಿಯಿಂದ ಇನ್ನಷ್ಟು ಒಳಗಿರುವ ನಮ್ಮೂರಿನ ಆಂಜನೇಯನ ಗುಡಿಯ ಅರ್ಚಕ. ನನ್ನ ತಮ್ಮ, ಅವನ ಹೆಂಡತಿ, ಮಗಳು ಅಣ್ಣನ ಜೊತೆಯಲ್ಲೇ ಇದ್ದಾರೆ. ತಮ್ಮ ದಿನಾ ನಾಗಮಂಗಲದ ಒಂದು ಕಚೇರಿಗೆ ಹೋಗಿಬರುವವನು. ಗುಡಿಯ ಕೆಲಸ ಅವನಿಗೆ ಬಾರದು, ಕಲಿಯಬೇಕೆಂದೂ ಅನಿಸಲಿಲ್ಲ. ನಾನು ಶ್ರೀರಂಗಪಟ್ಟಣದ ಪಕ್ಕ ಬಾಬುರಾಯನಕೊಪ್ಪಲಿನಲ್ಲಿ ಮನೆ ಮಾಡಿಕೊಂಡಿದ್ದೇನೆ.

ಶ್ರಾವಣದ ಶನಿವಾರಗಳಲ್ಲಿ ನಮ್ಮ ಆಂಜನೇಯನಿಗೆ ಬೆಣ್ಣೆ ಅಲಂಕಾರ. ಹಸು ಕಟ್ಟಿದ ಪ್ರತಿ ಮನೆಯಿಂದಲೂ ಬೆಣ್ಣೆ ಬರುತ್ತದೆ. ಅದನ್ನು ತಣ್ಣೀರಿನಲ್ಲಿಟ್ಟು ಗಟ್ಟಿ ಮಾಡಿ, ಪಾದದಿಂದ ಶುರುಮಾಡಿ ಮೇಲಕ್ಕೆ ಮೆತ್ತುತ್ತಾ ಹೋಗಬೇಕು. ಕಲ್ಲಿನ ಮೂರ್ತಿ ಎಣ್ಣೆ ಕುಡಿದು ಕುಡಿದು ಸವೆದಿದೆ. ಬೆಣ್ಣೆ ಮುಚ್ಚಿದ ಮೇಲೆ ಕಣ್ಣೆಲ್ಲಿ, ಬಾಲದ ಸುರುಳಿ ಎಲ್ಲಿಂದ ಏಳಬೇಕು, ಯಾವುದೂ ಗೊತ್ತಾಗುವುದಿಲ್ಲ. ಬೆಳ್ಳಿಯ ಕಣ್ಣುಗಳನ್ನು ಕೂರಿಸುವ ಜಾಗ ಒಂದು ಬೆರಳು ಆಚೀಚೆ ಆದರೆ ಸ್ವಾಮಿಯ ನೋಟವೇ ಕೆಟ್ಟುಹೋಗುತ್ತದೆ. ಅಣ್ಣ ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಇದನ್ನು ಅಂದಾಜಿನ ಮೇಲೆ ಮಾಡಿದವನು. ಈಚೆಗೆ ಎರಡು ವರ್ಷದಿಂದ ಮಾತ್ರ ಹಂತಹಂತವಾಗಿ ಫೋಟೋ ತೆಗೆಸಿಟ್ಟುಕೊಂಡು, ಅದನ್ನು ನೋಡಿಕೊಂಡು ಮಾಡುತ್ತಿದ್ದ. ನಾನು ನಕ್ಕಿದ್ದೆ. 'ಪರೀಕ್ಷೆಯಲ್ಲಿ ಕಾಪಿ ಹೊಡೆಯೋ ಹಾಗಾಯ್ತಲ್ಲ ಅಣ್ಣ' ಎಂದಿದ್ದೆ. ಅವನೂ ನಕ್ಕಿದ್ದ.

ಆಷಾಢದಲ್ಲಿ ಅವನ ಫೋನು ಹಾಳಾಯಿತು. ಹಾಳಾದ ರೀತಿ ಕೇಳಿದರೆ ನಗು ಬರುತ್ತದೆ. ಪಾಂಡವಪುರದಲ್ಲಿ ನಂಟರೊಬ್ಬರು ತೀರಿಕೊಂಡಿದ್ದರು. ಸಾವಿನ ಮನೆಯಿಂದ ಬಂದವರು ಉಟ್ಟ ಬಟ್ಟೆಯ ಸಮೇತ ನೀರು ಹುಯ್ದುಕೊಳ್ಳಬೇಕಲ್ಲ, ಅಣ್ಣ ಬಚ್ಚಲಲ್ಲಿ ಫೋನಿನ ಸಮೇತ ಹುಯ್ದುಕೊಂಡಿದ್ದ. ಕೇಳಿದರೆ, 'ಅದೂ ಸೂತಕದ ಮನೆಗೆ ಬಂದಿತ್ತು, ಅದಕ್ಕೂ ಮೈಲಿಗೆ. ನೀರು ತಾಕಿದರೆ ಏನೂ ಆಗಲ್ಲ ಅಂತ ಅಂಗಡಿಯೋನೇ ಹೇಳಿದ್ನಲ್ಲ' ಎಂದ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು. ಫೋನಿಗೆ ಮಡಿ ಮಾಡಿಸಿದ ಅರ್ಚಕ ಎಂದು ನಾನು ಸ್ಟಾಫ್ ರೂಮಿನಲ್ಲೂ ಹೇಳಿ ನಗಿಸಿದೆ.

ನಾನೇ ರಜೆ ಹಾಕಿ ಹೋಗಿ, ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ಹೊಸ ಫೋನು ಕೊಡಿಸಿದೆ. ಅಂಗಡಿ ನಡೆಸುವವಳು ಮೂವತ್ತು ಮೂವತ್ತೈದರ ಹೆಂಗಸು, ಮಾತು ಕಮ್ಮಿ, ಕೈ ಚುರುಕು. ಅಣ್ಣನ ಹಳೆಯ ಅಕೌಂಟು, ಪಾಸ್‌ವರ್ಡು ಹಾಕಿ ರಿಸ್ಟೋರ್ ಒತ್ತಿದಳು. ಅರ್ಧ ಗಂಟೆಯಲ್ಲಿ ನಂಬರುಗಳು ಬಂದವು, ಮೆಸೇಜುಗಳು ಬಂದವು, ಆ್ಯಪುಗಳು ಒಂದೊಂದೇ ತಮ್ಮ ಜಾಗದಲ್ಲಿ ಬಂದು ಕೂತವು. ಕ್ಲೌಡ್ ಫೋಟೋ ಆ್ಯಪನ್ನು ತೆರೆದರೆ ಫೋಟೋಗಳೆಲ್ಲ ಸಾಲಾಗಿ ಇವೆ. ಅಣ್ಣ ನಮ್ಮ ಮನೆಗೆ ಬಂದಾಗಲೆಲ್ಲ ಅವನ ಫೋನನ್ನು ನಮ್ಮ ವೈಫೈಗೆ ಹಾಕಿ, ಫೋಟೋಗಳು ಬ್ಯಾಕಪ್ ಆಗುವ ಹಾಗೆ ಮಾಡಿದ್ದವಳು ನಾನೇ. ಕಡೆಯ ಸಲ ಯುಗಾದಿಗೆ ಬಂದಿದ್ದ. ಅಲ್ಲಿಂದ ಈಚಿನವು ಬಚ್ಚಲಿನ ಪಾಲು, ಹೋಗಲಿ. ಹೋದ ಶ್ರಾವಣದ ಬೆಣ್ಣೆ ಆಂಜನೇಯ ಮಾತ್ರ ಹದಿನೆಂಟು ಹಂತದಲ್ಲೂ ಕಂಡ. 'ನೋಡಿದ್ಯಾ ಅಣ್ಣ, ಎಲ್ಲಾ ವಾಪಸ್ ಬಂತು' ಎಂದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಬಸ್ಸು ಹತ್ತಿದೆ.

ಮಾರನೆಯ ದಿನವೇ ತಮ್ಮನ ಫೋನಿನಿಂದ ಅಣ್ಣ ಮಾತಾಡಿದ.

'ಫೋಟೋ ಒಂದೂ ಇಲ್ಲ ಕಣಮ್ಮ.'

'ಇದೆ ಅಣ್ಣ. ನಿನ್ನೆ ಅಂಗಡೀಲಿ ನೋಡಿದೆವಲ್ಲ.'

'ಗ್ಯಾಲರೀಲಿ ಇಲ್ಲ. ನಾನು ನಿನ್ನೆ ತೆಗೆದ ಹಸುವಿನ ಫೋಟೋ ಒಂದೇ ಇರೋದು.'

'ಗ್ಯಾಲರಿ ನೋಡ್ಬೇಡ. ಆ ಬಣ್ಣಬಣ್ಣದ ಇನ್ನೊಂದು ಆ್ಯಪ್ ಇದೆಯಲ್ಲ, ಅದನ್ನ ತೆಗಿ.'

ಅವನು ಅದನ್ನು ತೆಗೆದು, ಅಲ್ಲಿ ಬೂದಿ ಬಣ್ಣದ ಚೌಕಗಳೂ ಮಸಕು ಮಸಕಾದ ಏನೇನೋ ಚಿತ್ರಗಳೂ ಕಾಣುತ್ತವೆ, ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ ಎಂದ. ನಾನು ಕೂತಲ್ಲೇ ನನ್ನ ಫೋನಿನಲ್ಲಿ ಅವನ ಅಕೌಂಟು ತೆರೆದು ನೋಡಿದೆ. ಥಳಥಳ ಹೊಳೆಯುವ ಬೆಣ್ಣೆ ಆಂಜನೇಯ. ಇದ್ದದ್ದನ್ನು ಇಲ್ಲ ಎನ್ನುವ ಮುದುಕನಿಗೆ ಏನು ಹೇಳುವುದು? 'ನನಗೆ ಇಲ್ಲಿ ಕಾಣ್ತಿದೆ ಅಂದ್ರೆ ನಿನಗೆ ಯಾಕೆ ಕಾಣಲ್ಲ? ಸರಿಯಾಗಿ ಒತ್ತು' ಎಂದೆ. ನಮ್ಮೂರಲ್ಲಿ ಮಾತಾಡಲು ಹೇಗೋ ಸಿಗ್ನಲ್ ಸಿಕ್ಕರೂ, ಫೋಟೋ ತೆರೆಯುವಷ್ಟು ನೆಟ್‌ವರ್ಕ್ ಕೆರೆ ಏರಿಯ ಮೇಲೆ ಬಿಟ್ಟರೆ ಎಲ್ಲೂ ನಿಲ್ಲುವುದಿಲ್ಲ ಎನ್ನುವುದು ಹುಟ್ಟಿದಾಗಿನಿಂದ ಅಲ್ಲದಿದ್ದರೂ ಫೋನು ಹುಟ್ಟಿದಾಗಿನಿಂದ ನನಗೆ ಗೊತ್ತು. ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ಸಿಟ್ಟು ಬಂದಾಗ ಬುದ್ಧಿ ಮೊದಲು ಎದ್ದು ಹೋಗುತ್ತದೆ.

ಹೀಗೇ ದಿನಕ್ಕೊಂದು ಸಲ ನಡೆಯಿತು. 'ಬಂತಾ ಅಣ್ಣ?' 'ಇಲ್ಲಮ್ಮ.' 'ನಿನಗೆ ನೋಡೋಕೆ ಬರಲ್ಲ.' ಒಂದು ಸಂಜೆ ನಾನು ಬಾಯಿಗೆ ಬಂದಂತೆ ಆಡಿದೆ. ದಸರೆಯ ಹೊತ್ತಿಗೆ ನಮ್ಮ ಗೇಟಿಗೆ ಹೊಸ ಬಣ್ಣ ಹೊಡೆಯುವ ಮಾತಾಡಲು ಪೇಂಟರ್ ಬಂದು ನಿಂತಿದ್ದ. ಹಸಿರು ಬೇಡ, ನೀಲಿ ಹೊಡಿ ಎಂದು ಅವನಿಗೆ ಹೇಳುತ್ತಿದ್ದಾಗಲೇ ಅಣ್ಣನ ಫೋನು. 'ಕನ್ನಡಿಯೊಳಗಿನ ಗಂಟು ತೋರಿಸಿ ಇದೆ ಇದೆ ಅಂತೀಯಲ್ಲ' ಎಂದ. 'ನಿನಗೆ ವಯಸ್ಸಾಯ್ತು, ಹೇಳಿದ್ದು ತಲೆಗೆ ಹೋಗಲ್ಲ' ಎಂದುಬಿಟ್ಟೆ. ಅಣ್ಣ ಫೋನು ಇಟ್ಟುಬಿಟ್ಟ. ಸಾಮಾನ್ಯವಾಗಿ ಎದುರುತ್ತರ ಕೊಡದೆ ಬಿಡುವವನಲ್ಲ.

ಮೊದಲ ಶನಿವಾರ ಆಗಬಾರದ್ದು ಆಯಿತು. ಅದನ್ನು ನನಗೆ ಹೇಳಿದವನು ಅಣ್ಣನ ನೆರೆಮನೆಯ ಗೌಡ. ಡೇರಿಗೆ ಹಾಲು ಹಾಕುವವನು, ನನಗಿಂತ ಐದಾರು ವರ್ಷ ಚಿಕ್ಕವನು. ಅಣ್ಣ ಮಡಿಯಲ್ಲಿದ್ದಾಗ ಫೋನು ಮುಟ್ಟುವುದಿಲ್ಲವಾದ್ದರಿಂದ, ಗರ್ಭಗುಡಿಯ ಹೊಸ್ತಿಲ ಈಚೆ ನಿಂತು ಫೋನು ಹಿಡಿದು ಒಂದೊಂದೇ ಫೋಟೋ ತೋರಿಸುವುದು ಇವನ ಸೇವೆ.

'ಅಕ್ಕಾ, ನೀವು ಏಳಿದ ಆ್ಯಪ್ಪೇ ತಗ್ದಿದ್ದೆ ಕಣಕ್ಕ. ಬರೀ ಮಬ್ಬುಮಬ್ಬು. ಐನೋರು ಅಂಗೇ ನಿಂತ್ಕಬುಟ್ರು, ಬೆಣ್ಣೆ ಕೈಯಾಗೆ ಕರಗ್ತಾ ಅದೆ. ಆಮ್ಯಾಕೆ ಏನೋ ಮಾಡುದ್ರು. ಕಣ್ಣು ಎಲ್ಲೋ ಓಗ್ಬುಟ್ಟದೆ. ಜನ ಮಾತಾಡ್ತಾವ್ರೆ.'

ಜನ ಆಡಿದ್ದು ಇಷ್ಟು: ಐನೋರ ಕೈ ನಡುಗುತ್ತದೆ, ಇನ್ನು ಪಕ್ಕದೂರಿನ ಅರ್ಚಕರನ್ನು ಕರೆಸುವುದು ಒಳ್ಳೆಯದು. ಎರಡನೆಯ ಶನಿವಾರ ಅಣ್ಣ ಜ್ವರವೆಂದು ಹೇಳಿ ಬರೀ ಹೂವಿನ ಅಲಂಕಾರ ಮಾಡಿ ಮುಗಿಸಿದ. ಮೂರನೆಯದೂ ಕೆಟ್ಟರೆ ಗುಡಿ ಅವನ ಕೈ ತಪ್ಪುವುದು ಖಂಡಿತ ಎಂದು ತಮ್ಮ ಹೇಳಿದ. ಗುಡಿ ಬಿಟ್ಟರೆ ಅಣ್ಣನಿಗೆ ಬೆಳಗ್ಗೆ ಏಳಲು ಬೇರೆ ಕಾರಣವಿಲ್ಲ.

ನನ್ನ ಸಿಟ್ಟಿಗೆ ಈಗ ಬೇರೆ ದಾರಿ ಸಿಕ್ಕಿತು. ಗುರುವಾರ ಅರ್ಧ ದಿನ ರಜೆ ಹಾಕಿ ಕೆ.ಆರ್. ಪೇಟೆಯ ಅಂಗಡಿಗೆ ಹೋದೆ. ನಾಲ್ಕು ಜನ ಗಿರಾಕಿಗಳ ಮುಂದೆಯೇ, 'ಏನಮ್ಮಾ, ರಿಸ್ಟೋರು ಅರ್ಧಂಬರ್ಧ ಮಾಡಿ ಕಳಿಸಿದ್ದೀಯ. ಗ್ಯಾಲರಿ ಖಾಲಿ' ಎಂದು ಶುರುಮಾಡಿದೆ. ಅವಳು ಯಾರದೋ ಫೋನಿಗೆ ಗ್ಲಾಸು ಅಂಟಿಸುತ್ತಿದ್ದವಳು ಅದನ್ನು ಪೂರ್ತಿ ಅಂಟಿಸಿ, ಗುಳ್ಳೆ ಒತ್ತಿ ತೆಗೆದು, ಆಮೇಲೆ ತಲೆ ಎತ್ತಿದಳು.

'ಖಾಲಿ ಇರೋದು ಸರಿಯಾಗೇ ಅದೆ ಮೇಡಮ್. ಗ್ಯಾಲರಿ ತೋರ್ಸೋದು ಫೋನಿನ ಒಳಗಿರೋ ಫೈಲನ್ನ ಮಾತ್ರ. ನಿಮ್ಮ ಫೋಟೋ ಫೋನಿನೊಳಗಿಲ್ಲ, ಕಂಪನಿಯವರ ಕಂಪ್ಯೂಟರ್‌ನಲ್ಲಿ ಅದೆ. ಆ ಆ್ಯಪು ನೆಟ್ಟಿನ ಮೂಲಕ ಅದನ್ನ ತಂದು ತೋರುಸ್ತದೆ ಅಷ್ಟೆ.'

'ಮತ್ತೆ ರಿಸ್ಟೋರ್ ಅಂದ್ರೆ ಏನು? ನಂಬರ್ ಬಂತು, ಮೆಸೇಜ್ ಬಂತು.'

'ಅವು ಫೋನಿಗೇ ಇಳಿದ್ವು. ಬ್ಯಾಕಪ್ ಆಗಿದ್ದ ಫೋಟೋನ ರಿಸ್ಟೋರು ಫೋನಿಗೆ ಇಳಿಸಲ್ಲ. ಎಲ್ಲಾ ಇಳಿಸಿದ್ರೆ ಫೋನು ತುಂಬ್ಕೊತದೆ. ಅಕೌಂಟು ಹಾಕಿದ್ರೆ ಆ್ಯಪಲ್ಲಿ ಕಾಣ್ತವೆ. ಬೇಕಾದ್ದನ್ನ ನಾವೇ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ಡೌನ್‌ಲೋಡ್ ಕೊಡ್ಬೇಕು. ಆಗ ಗ್ಯಾಲರಿಗೆ ಬತ್ತದೆ. ಆಮೇಲೆ ನೆಟ್ಟು ಇಲ್ದಿದ್ರೂ ಕಾಣ್ತದೆ.' ಒಂದು ಕ್ಷಣ ತಡೆದು, 'ಅವತ್ತೇ ಹೇಳೋಣ ಅಂತಿದ್ದೆ. ನೀವು ಎಲ್ಲ ಬಂತು ಅಂತ ಹೊರಟೇಬಿಟ್ರಿ' ಎಂದಳು.

ಗಿರಾಕಿಗಳು ನನ್ನ ಮುಖ ನೋಡಿದರು. ಮೂರು ವಾರ ಊರಿಗೆಲ್ಲ ಪಾಠ ಹೇಳಿದ ಮೇಷ್ಟ್ರಮ್ಮನಿಗೆ ಅಲ್ಲಿ ನಿಲ್ಲಲು ಜಾಗ ಸಿಗಲಿಲ್ಲ. ಡೌನ್‌ಲೋಡ್ ಮಾಡುವುದನ್ನು ನನ್ನ ಫೋನಿನಲ್ಲಿ ಎರಡು ಸಲ ಮಾಡಿಸಿ ಕಲಿಸಿ ಕಳಿಸಿದಳು. ಕ್ಷಮಿಸು ಎಂದು ಹೇಳಬೇಕಿತ್ತು, ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಊರಿಗೆ ಹೋದೆ. ಅಣ್ಣ ಜಗಲಿಯಲ್ಲಿ ಕೂತು ಬೆಳ್ಳಿ ಕಣ್ಣುಗಳಿಗೆ ವಿಭೂತಿ ಹಚ್ಚಿ ಉಜ್ಜುತ್ತಿದ್ದ. ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕಲ್ಲ ಎಂದು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದೆ.

'ದೊಡ್ಡ ದೇವಸ್ಥಾನದ ಒಡವೆ ತಾಲ್ಲೂಕು ಖಜಾನೇಲಿ ಇರುತ್ತಲ್ಲ ಅಣ್ಣ, ಪಟ್ಟಿ ಮಾತ್ರ ಅರ್ಚಕರ ಕೈಲಿರುತ್ತೆ, ಹಾಗೆ ಇದು. ಫೋಟೋ ಖಜಾನೇಲಿ ಭದ್ರವಾಗಿದೆ. ನಿನ್ನ ಫೋನಿನಲ್ಲಿರೋದು ಪಟ್ಟಿ. ಖಜಾನೆಯಿಂದ ಬಿಡಿಸಿ ತಂದ್ರೆ ಮಾತ್ರ ಗ್ಯಾಲರಿಗೆ ಬರುತ್ತೆ.'

ಅಣ್ಣ ಬೆಳ್ಳಿ ಕಣ್ಣು ಉಜ್ಜುವುದನ್ನು ನಿಲ್ಲಿಸಿದ. 'ಅಂದ್ರೆ ಒಡವೆ ದೇವರ ಮೈಮೇಲೆ ಇಲ್ಲ ತಾನೆ?'

'ಇಲ್ಲ.'

'ನಾನು ಮೂರು ವಾರದಿಂದ ಹೇಳ್ತಿದ್ದದ್ದೂ ಅದನ್ನೇ.'

ನಾನು ಅವನ ಫೋನು ತೆಗೆದುಕೊಂಡು ಕೆರೆ ಏರಿಗೆ ಹೊರಟೆ. ಗೌಡ ಜೊತೆಗೆ ಬಂದ. ಏರಿಯ ಮಧ್ಯದಲ್ಲಿ, ತೂಬಿನ ಪಕ್ಕ ನೆಟ್‌ವರ್ಕಿನ ಎರಡು ಗೀಟು ನಿಲ್ಲುತ್ತವೆ. ಅಲ್ಲಿ ಕಲ್ಲಿನ ಮೇಲೆ ಕೂತೆ. ಹೋದ ಶ್ರಾವಣದವನ್ನು ಒಂದೊಂದೇ ತೆರೆದೆ. ಮಸಕಾಗಿದ್ದದ್ದು ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುತ್ತಿತ್ತು. ಮೂರು ಚುಕ್ಕಿ, ಡೌನ್‌ಲೋಡ್. ಪಾದ. ಮೂರು ಚುಕ್ಕಿ, ಡೌನ್‌ಲೋಡ್. ಮೊಣಕಾಲು. ನೆಟ್‌ವರ್ಕು ಹೋಗುತ್ತಿತ್ತು, ಬರುತ್ತಿತ್ತು, ನಾನು ಫೋನನ್ನೂ ಕಂಪನಿಯನ್ನೂ ಬಯ್ಯುತ್ತಿದ್ದೆ. 'ಬುಡಿ ಅಕ್ಕ, ಅದುಕ್ಕೆ ಬೋದ್ರೆ ಬಂದದಾ' ಎಂದು ಗೌಡ ಬೀಡಿ ಹಚ್ಚಿದ.

ಹದಿನೆಂಟೂ ಇಳಿದವು. ಗ್ಯಾಲರಿಗೆ ಹೋಗಿ ನೋಡಿದೆ, ಬೇರೆ ಫೋಲ್ಡರಿನಲ್ಲಿ ಬಂದು ಕೂತಿದ್ದವು. ನೆಟ್ಟು ಆಫ್ ಮಾಡಿ ತೆರೆದೆ, ಕಂಡವು. ಇಷ್ಟಕ್ಕೆ ಮೂರು ವಾರ ಬೇಕಾಯಿತಲ್ಲ ಎಂದು ಅಳು ಬರುವ ಹಾಗಾಯಿತು. ಇನ್ನೇನು ಏಳಬೇಕು, ಅಣ್ಣನಿಗೆ ಬೇಕಾದ್ದು ಮತ್ತೇನಾದರೂ ಇರಬಹುದೆಂದು ಆ್ಯಪಿನಲ್ಲಿ ಸ್ವಲ್ಪ ಮೇಲೆ ಕೆಳಗೆ ಸರಿಸಿದೆ.

ಗುಡಿಯ ಬೀಗದ ಫೋಟೋ ಇತ್ತು. ಅದರ ಪಕ್ಕ ಮೂರು ಬೀಗದ ಕೈ, ಒಂದರ ಮೇಲೆ ಅಣ್ಣನ ಬೆರಳು. ಮುಂದಿನದು ಎಣ್ಣೆ ಡಬ್ಬ ಇಡುವ ಗೂಡು. ಆಮೇಲೆ ಗಂಟೆ, ಹಲಗಾರತಿ, ಪಂಚಪಾತ್ರೆ ಸಾಲಾಗಿ ಇಟ್ಟು ತೆಗೆದದ್ದು, ಯಾವುದು ಮೊದಲು ಎಂದು ಸುಣ್ಣದಲ್ಲಿ ಒಂದು ಎರಡು ಮೂರು ಬರೆದು. ದಿನಾ ಹೇಳುವ ಅಷ್ಟೋತ್ತರವನ್ನು, ನನಗೆ ಐದನೆಯ ವಯಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದನ್ನು, ದೊಡ್ಡ ಅಕ್ಷರದಲ್ಲಿ ಬರೆದುಕೊಂಡ ಹಾಳೆ. ಮಾತ್ರೆಗಳು. ತಮ್ಮನ ಮಗಳು, ಅವಳ ಹೆಸರು ಬರೆದ ಸ್ಲೇಟು ಹಿಡಿದು ನಗುತ್ತಿರುವುದು. ಆಟವೆಂದುಕೊಂಡೇ ಹಿಡಿದಿರಬೇಕು. ಶ್ರೀರಂಗಪಟ್ಟಣದ ಬಸ್ಸಿನ ಬೋರ್ಡು. ನಾವು ಇಳಿಯುವ ನಿಲ್ದಾಣ. ಅಲ್ಲಿಂದ ಎಡಕ್ಕೆ ತಿರುಗುವ ಕಡೆಯ ಹಾಲಿನ ಅಂಗಡಿ. ಕೊನೆಗೆ ನಮ್ಮ ಹಸಿರು ಗೇಟು.

ಗೇಟಿನ ಫೋಟೋ ತೆಗೆದ ದಿನ ನನಗೆ ನೆನಪಿತ್ತು. 'ಗೋಡೆ ಗೇಟೆಲ್ಲ ಯಾಕೆ ತೆಗೀತೀಯ, ಫೋನು ತುಂಬೋಗುತ್ತೆ' ಎಂದು ಗದರಿದ್ದೆ.

ಬಚ್ಚಲಿನ ಕಥೆ ಆಗ ತಿಳಿಯಿತು. ಅವನು ಫೋನಿಗೆ ಮಡಿ ಮಾಡಿಸಿರಲಿಲ್ಲ. ಸೊಂಟದಲ್ಲಿ ಫೋನಿರುವುದನ್ನೇ ಮರೆತಿದ್ದ. ಎಲ್ಲರೂ ನಗುವಂಥ ಕಾರಣ ಹುಡುಕಿ ಹೇಳಿ ಪಾರಾಗಿದ್ದ. ಎರಡು ವರ್ಷದಿಂದ ಅಣ್ಣ ಮರೆಯುತ್ತಿದ್ದಾನೆ. ಮರೆತದ್ದನ್ನೆಲ್ಲ ಗ್ಯಾಲರಿಯಲ್ಲಿ ಇಟ್ಟುಕೊಂಡು, ಯಾರಿಗೂ ಗೊತ್ತಾಗದ ಹಾಗೆ ದಿನ ದೂಡುತ್ತಿದ್ದ. ಅದನ್ನೇ ಕಳಕೊಂಡು ಇಲ್ಲ ಇಲ್ಲ ಎಂದು ಮೂರು ವಾರ ಹೇಳಿದವನಿಗೆ ನಾನು, ತಲೆಗೆ ಹೋಗಲ್ಲ ಎಂದಿದ್ದೆ.

'ಯಾಕಕ್ಕ, ನಿಲ್ಸ್‌ಬುಟ್ರಿ? ಮುಗೀತಾ?' ಎಂದ ಗೌಡ.

'ಇಲ್ಲಪ್ಪ. ಇನ್ನೂ ಇವೆ.'

ನೂರಿಪ್ಪತ್ತೋ ನೂರಮೂವತ್ತೋ ಇದ್ದವು. ಒಂದೂ ಬಿಡದೆ ಇಳಿಸಿದೆ. ಬೀಗದ ಕೈಯನ್ನೂ, ಮಾತ್ರೆಯನ್ನೂ, ಹಾಲಿನ ಅಂಗಡಿಯನ್ನೂ. ಗೌಡನಿಗೆ ಹಾಲು ಕರೆಯುವ ಹೊತ್ತಾಗಿ ಅವನು ಎದ್ದುಹೋದ. ನಾನು ಅತ್ತುಕೊಂಡೇ ಮೂರು ಚುಕ್ಕಿ ಒತ್ತುತ್ತಿದ್ದೆ.

ಶನಿವಾರ ಬೆಳಗ್ಗೆ ಗೌಡ ಹೊಸ್ತಿಲ ಈಚೆ ನಿಂತು ಫೋನು ಹಿಡಿದ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಣ್ಣ ಒಂದು ಫೋಟೋ ನೋಡುವುದು, ಬೆಣ್ಣೆ ಮೆತ್ತುವುದು, 'ಮುಂದಿನದು' ಎನ್ನುವುದು. ಕೈ ನಡುಗುತ್ತಿರಲಿಲ್ಲ. ಜನ ಕೈ ನಡುಗುತ್ತದೆ ಎಂದು ಯಾಕೆ ಹೇಳಿದರೋ. ಬೆಳ್ಳಿಯ ಕಣ್ಣು ಕೂತಾಗ ಸ್ವಾಮಿ ನೇರವಾಗಿ ನಮ್ಮನ್ನೇ ನೋಡಿದ. ಹಿಂದೆ ನಿಂತ ಹೆಂಗಸರು ಕೆನ್ನೆ ಬಡಿದುಕೊಂಡರು. 'ಐನೋರ ಕೈ ಅಂದ್ರೆ ಕೈ ಕಣ್ಲಾ' ಎಂದು ಯಾರೋ ಯಾರಿಗೋ ಹೇಳಿದರು. ಪಕ್ಕದೂರಿನ ಅರ್ಚಕರ ಮಾತು ಅಲ್ಲಿಗೆ ನಿಂತಿತು, ಈ ವರ್ಷದ ಮಟ್ಟಿಗೆ.

ಮಧ್ಯಾಹ್ನ ಊಟ ಮುಗಿಸಿ ನಾನು ಬಸ್ಸಿಗೆ ಹೊರಡುವಾಗ ಅಣ್ಣ ಜಗಲಿಯ ತನಕ ಬಂದ. ತಮ್ಮ ಒಳಗಿದ್ದ.

'ಎಲ್ಲಾ ಫೋಟೋನೂ ಇಳಿಸಿದ್ದೀಯ.'

'ಹೂಂ ಅಣ್ಣ. ಹಾಗೇ ಎಲ್ಲ ಒಟ್ಟಿಗೆ ಇಳಿದ್ವು. ನಾನು ಯಾವುದೂ ನೋಡ್ಲಿಲ್ಲ.'

'ಒಂದೊಂದೇ ತೆರೆದು ಇಳಿಸಿದೆ ಅಂದ ಗೌಡ.'

ನನಗೆ ಸುಳ್ಳು ಮುಂದುವರಿಸಲು ಬರಲಿಲ್ಲ. ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಅಣ್ಣ ಬಯ್ಯಬಹುದು ಎಂದುಕೊಂಡೆ. ಯಾರಿಗೂ ಹೇಳಬೇಡ ಎನ್ನಬಹುದು ಎಂದುಕೊಂಡೆ. ಎರಡೂ ಮಾಡಲಿಲ್ಲ.

'ಅವತ್ತು ಫೋನಿನಲ್ಲಿ ಪೇಂಟರ್‌ಗೆ ಏನೋ ಹೇಳ್ತಿದ್ದೆ,' ಎಂದ. 'ನಿಮ್ಮ ಗೇಟಿಗೆ ಬೇರೆ ಬಣ್ಣ ಹೊಡೆಸಬೇಡ ಕಣಮ್ಮ.'